ಮೋರಖಂಡಿ ದಫ್ತರದ ಒಂಬತ್ತನೆಯ ಹಾಳೆ

ಮಂಗಳವಾರ ಮತ್ತು ಶುಕ್ರವಾರ ಹುಮನಾಬಾದಿನಿಂದ ಕಲ್ಯಾಣಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ದಿಗಂಬರರಾಯರೂ ಅವರ ತಂಗಿ ಪಾರ್ವತಿಬಾಯಿಯೂ ತಪ್ಪದೆ ಇರುತ್ತಿದ್ದರು. ರಾಯರು ಮುಂದೆ, ರುಮಾಲು ಸುತ್ತಿ, ಕೋಟಿನ ಗುಂಡಿ ಹಾಕಿಕೊಂಡು. ಪಾರ್ವತಿಬಾಯಿ ಅವರ ಹಿಂದೆ ಅರ್ಧ ಹೆಜ್ಜೆ, ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹಣೆಯವರೆಗೆ ಎಳೆದುಕೊಂಡು. ಬಸ್ಸಿನ ಮೆಟ್ಟಿಲು ಬಂದಾಗ ಅವಳು ಮೆಲ್ಲಗೆ “ಮೆಟ್ಟಲ” ಎನ್ನುತ್ತಿದ್ದಳು. ನೋಡಿದವರಿಗೆ ಅಣ್ಣನ ಆಸರೆಯಲ್ಲಿ ಹೊರಟ ವಿಧವೆಯ ಹಾಗೆ ಕಾಣುತ್ತಿತ್ತು. ನಿಜ ತಿರುಗಾಮುರುಗಾ ಇತ್ತು. ರಾಯರ ಎರಡು ಕಣ್ಣಿಗೂ ಮೋತಿಬಿಂದು, ಅಂದರೆ ಪೊರೆ, ಬಂದು ಎರಡು ವರ್ಷವಾಗಿತ್ತು. ಬೆಳಕು ಕಾಣುತ್ತಿತ್ತು, ಮನುಷ್ಯರ ಗಾತ್ರ ಕಾಣುತ್ತಿತ್ತು. ಅಕ್ಷರ ಮಾತ್ರ ಕಾಣುತ್ತಿರಲಿಲ್ಲ.

ಅಕ್ಷರವೇ ರಾಯರ ಉದ್ಯೋಗ. ತಹಸೀಲು ಕಚೇರಿಯ ಪಟ್ಟಿಯಲ್ಲಿ ಮೋಡಿ ಓದಲು ಒಪ್ಪಿತರಾದವರೆಂದು ಇದ್ದದ್ದು ಅವರೊಬ್ಬರ ಹೆಸರು. ಹಳೆಯ ಪಟವಾರಿಗಳು ಊರಿನ ಹೊಲ, ಕಂದಾಯ, ಖರೀದಿ, ಅಡವುಗಳನ್ನೆಲ್ಲ ಮರಾಠಿಯಲ್ಲಿ, ಮೋಡಿ ಲಿಪಿಯಲ್ಲಿ ಬರೆದಿಟ್ಟಿದ್ದರು. ಮೊದಲು ಹಾಳೆಯ ಉದ್ದಕ್ಕೂ ಒಂದು ಗೆರೆ ಎಳೆದು, ಆಮೇಲೆ ಬೋರಿನ ಲೇಖನಿ ಎತ್ತದೆ ಅಕ್ಷರಗಳನ್ನು ಆ ಗೆರೆಗೆ ನೇತುಹಾಕುತ್ತ ಓಡುವ ಬರಹ ಅದು. ಒಂದು ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಹಾಳೆ ಹೇಳುವುದಿಲ್ಲ; ಓದುವವನಿಗೇ ಗೊತ್ತಿರಬೇಕು. ಸಾಲೆಯಲ್ಲಿ ಉರ್ದು ಕಲಿತ ಹೊಸ ಗುಮಾಸ್ತರಿಗೆ ಅದು ಇರುವೆ ಸಾಲು. ಜಾಗೀರುಗಳು ಹೋಗಿ ಸರ್ಕಾರಕ್ಕೆ ಸೇರಿದ ಮೇಲೆ ಕಲ್ಯಾಣಿಯ ಜಾಗೀರು ಕಚೇರಿಯಲ್ಲಿ ಕಟ್ಟಿಟ್ಟಿದ್ದ ದಫ್ತರಗಳಿಗೆಲ್ಲ ಒಮ್ಮೆಲೇ ಜೀವ ಬಂದಿತ್ತು. ಪ್ರತಿಯೊಬ್ಬನಿಗೂ ತನ್ನ ಹೊಲ ತನ್ನದೆಂದು ತೋರಿಸಲು ಮೊಹರು ಬಿದ್ದ ನಕಲು ಬೇಕಾಗಿತ್ತು.

ನಕಲು ಆಗುತ್ತಿದ್ದದ್ದು ಹೀಗೆ. ಸ್ಟಾಂಪು ಹಚ್ಚಿದ ಅರ್ಜಿಯಲ್ಲಿ ಯಾವ ಊರು, ಕಂದಾಯ ಲೆಕ್ಕದ ಯಾವ ಫಸಲಿ ವರ್ಷ, ಯಾವ ಹಾಳೆ ಎಂದು ಬರೆದುಕೊಡಬೇಕು. ಮುನ್ಶಿ ಖಮರುದ್ದೀನ್ ಸಾಹೇಬರು ದಫ್ತರ ತೆಗೆಸಿ ಮುಂದಿಡುತ್ತಾರೆ. ರಾಯರು ಓದುತ್ತಾರೆ, ಕೈ ನಡುಗುತ್ತದೆಂಬ ನೆಪದಲ್ಲಿ ತಂಗಿ ಅದನ್ನು ಬಾಳಬೋಧ ಎಂಬ ದೇವನಾಗರಿ ಅಕ್ಷರದಲ್ಲಿ ಬರೆಯುತ್ತಾಳೆ. ಮೊದಲ ದಿನ ಕಚ್ಚಾ ಪ್ರತಿ. ಮುಂದಿನ ಸರದಿಯಲ್ಲಿ ಪಕ್ಕಾ ಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು, ರಾಯರು ಮೂಲದೊಡನೆ ತಾಳೆ ನೋಡಬೇಕು, ಮುನ್ಶಿ ಉರ್ದು ತರ್ಜುಮೆ ಬರೆದುಕೊಳ್ಳಬೇಕು. ಆಮೇಲೆ ರಾಯರ ಸಹಿ, ನಾಯಬ ತಹಸೀಲ್ದಾರರ ಸಹಿ, ಮೊಹರು. ಮೂಲದಲ್ಲಿ ಇದ್ದದ್ದೆಲ್ಲ ಬರಬೇಕು, ಇಲ್ಲದ್ದು ಒಂದು ಅಕ್ಷರವೂ ಬರಬಾರದು. ಹುಳ ತಿಂದಲ್ಲಿ ಜಾಗ ಬಿಟ್ಟು, ಹುಳ ತಿಂದಿದೆ ಎಂದೇ ಬರೆಯಬೇಕು.

ಎರಡು ವರ್ಷ ಪಾರ್ವತಿಬಾಯಿ ಅಣ್ಣನ ಭುಜದ ಹತ್ತಿರ ಬಾಗಿ ಪಿಸುಗುಟ್ಟುತ್ತಿದ್ದಳು, ಅಣ್ಣ ಅದನ್ನೇ ಗಂಭೀರವಾಗಿ ಗಟ್ಟಿಯಾಗಿ ಹೇಳುತ್ತಿದ್ದ. ಹುಮನಾಬಾದಿನಲ್ಲಿ ಮತ್ತು ಕಲ್ಯಾಣಿಯಲ್ಲಿ ಸೇರಿ ನೂರಾ ಹನ್ನೆರಡು ನಕಲು ಹಾಗೆ ಹೊರಟಿದ್ದವು. ಹನ್ನೊಂದನೆಯ ವಯಸ್ಸಿನಲ್ಲಿ ಗಂಡ ಸತ್ತು ತವರಿಗೆ ಬಂದ ಮಗಳಿಗೆ ಅಪ್ಪ ಬೇರೇನೂ ಕೊಡಲಾರದೆ ಮೋಡಿ ಕಲಿಸಿದ್ದ. ಅಪ್ಪ ಮೋರಖಂಡಿಯ ಪಟವಾರಿ. ಅವನ ಅಕ್ಷರವನ್ನು ಅವಳು ಕತ್ತಲಲ್ಲಿ ಬೆರಳಾಡಿಸಿ ಬೇಕಾದರೂ ಗುರುತಿಸುತ್ತಿದ್ದಳು.

ಮಾಘ ಮಾಸದ ಒಂದು ಮಂಗಳವಾರ ಮೋರಖಂಡಿಯ ಹಾಜಿರಾ ಬೀಯ ಅರ್ಜಿ ಬಂತು. ಹೈದರಾಬಾದು ಸಂಸ್ಥಾನಕ್ಕೆ ಮಿಲಿಟರಿ ಬಂದ ವರ್ಷದ ಗಲಾಟೆಯಲ್ಲಿ ಅವಳ ಗಂಡ ಅಜೀಮುದ್ದೀನ್ ಹೊಲಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಮನೆ ಸುಟ್ಟಿತ್ತು, ಮನೆಯೊಳಗಿನ ಕಾಗದವೂ ಸುಟ್ಟಿತ್ತು. ಆರು ಬಿಘೆ ಬಾವಿಹೊಲವನ್ನು ಆವತ್ತಿನಿಂದ ದೇವಿಂದ್ರಪ್ಪಗೌಡ ಉಳುತ್ತಿದ್ದ. ತನ್ನ ಅಪ್ಪ ಅದನ್ನು ಅವಳ ಮಾವ ಗೌಸ ಸಾಹೇಬನಿಗೆ ಅಡವು ಇಟ್ಟಿದ್ದನೇ ಹೊರತು ಮಾರಿರಲಿಲ್ಲ, ಅಡವನ್ನು ಎಂದೋ ಬಿಡಿಸಿಕೊಂಡಾಗಿದೆ ಎಂದು ಅವನ ವಾದ. ಮಾರಿದ್ದ ಎಂದು ಹಾಜಿರಾ ಬೀಯ ವಾದ. ಫಸಲಿ ಹದಿಮೂರುನೂರಾ ಹತ್ತೊಂಬತ್ತರ ಮೋರಖಂಡಿ ದಫ್ತರದಲ್ಲಿ ಮಾತ್ರ ಅದು ಉಳಿದಿತ್ತು.

ಒಂಬತ್ತನೆಯ ಹಾಳೆಯಲ್ಲಿ ಅಪ್ಪನ ಅಕ್ಷರ ಕಂಡಾಗ ಪಾರ್ವತಿಬಾಯಿ ಸೆರಗು ಸರಿಮಾಡಿಕೊಂಡು ಇನ್ನಷ್ಟು ಬಾಗಿದಳು. ಆಮೇಲೆ ಪಿಸುಗುಟ್ಟುತ್ತ ಹೋದಳು. ಬಾವಿಹೊಲ, ಬಿಘೆ ಆರು, ಮೂಡಲಿಗೆ ಹಳ್ಳ, ಗೌಡನ ಅಪ್ಪನ ಹೆಸರು, ಅವನು ಗೌಸನಿಗೆ “ಕಾಯಮ ಖ—” ಅಲ್ಲಿ ನಿಂತಳು. ಖ ಮುಗಿಯುವಲ್ಲಿ ಹುಳ ಕಡಲೆಕಾಳಿನಷ್ಟು ತೂತು ಮಾಡಿತ್ತು. ತೂತಿನ ಆಚೆ “ದಿಲೆ”, ಕೊಟ್ಟಿದೆ ಎಂಬುದಷ್ಟೇ. ಕಚ್ಚಾ ಪ್ರತಿಯಲ್ಲಿ ಜಾಗ ಬಿಟ್ಟಳು.

ಹೊರಗಿನ ಪಡಸಾಲೆಯಲ್ಲಿ ಹಾಜಿರಾ ಬೀ ಅವಳ ಸೆರಗು ಹಿಡಿದಳು. “ಬಾಯಿ, ಖರೀದಿ ಅಂತ ಪೂರಾ ಬರದುಬಿಡ್ರಿ. ನಿಮಗ ಗೊತ್ತದಲ್ಲ ಅದೇ ಅದ ಅಂತ.”

“ಗೊತ್ತಿದ್ದದ್ದು ಬರೀಲಿಕ್ಕೆ ಬರಂಗಿಲ್ಲವ್ವ. ಹಾಳ್ಯಾಗ ಇದ್ದದ್ದೇ ಬರೀಬೇಕು.” ಆ ಹೆಂಗಸಿನ ಮುಖ ನೋಡಲಾಗದೆ ಪಾರ್ವತಿಬಾಯಿ ದನಿ ಇಳಿಸಿ ಹೇಳಿದಳು, “ಇನ್ನೊಂದು ಅರ್ಜಿ ಹಾಕು. ಮುಂದಿನ ವರ್ಷದ ಖಾತೆ ಹಾಳಿ ಬೇಕು ಅನ್ನು. ಅಡವು ಇಟ್ಟಿದ್ರ ಖಾತೆ ಹಳೇ ಧಣಿ ಹೆಸರಲ್ಲೇ ಇರ್ತದ. ಮಾರಿದ್ರ ಹೆಸರು ಬದಲಾಗಿರ್ತದ.”

ಹಾಜಿರಾ ಬೀ ಅವತ್ತೇ ಅರ್ಜಿ ಕೊಟ್ಟು ಹೋದಳು.

ಗುರುವಾರ ಮಧ್ಯಾಹ್ನ ಹುಮನಾಬಾದಿನ ಮನೆಗೆ ದೇವಿಂದ್ರಪ್ಪಗೌಡ ಬಂದ. ಮಾಣಿಕನಗರಕ್ಕೆ ದರ್ಶನಕ್ಕೆ ಬಂದಿದ್ದೆ, ಹಾಗೇ ಹಾದುಹೋಗೋಣ ಎಂದುಕೊಂಡೆ ಎಂದ. ಪಾರ್ವತಿಬಾಯಿ ನೀರಿನ ತಂಬಿಗೆ ತಂದು ಹೊಸ್ತಿಲಲ್ಲಿಟ್ಟು ಬಾಗಿಲ ಮರೆಗೆ ನಿಂತಳು. ಗೌಡ ಒಳ್ಳೆಯ ಮಾತುಗಾರ. ಜೋಳದ ಪೈರು, ಹೊಸ ಸರ್ಕಾರ ಎಂದೆಲ್ಲ ಹೇಳುತ್ತ ತಂಬಿಗೆಯನ್ನು ಸದ್ದಿಲ್ಲದೆ ಎತ್ತಿ ಇನ್ನೊಂದು ಕಡೆ ಇಟ್ಟ. ಸ್ವಲ್ಪ ಹೊತ್ತಿಗೆ ರಾಯರು ನೀರಿಗೆಂದು ಕೈ ಚಾಚಿದರು. ಕೈ ಖಾಲಿ ನೆಲವನ್ನು ತಡವಿತು.

ಗೌಡ ನಗಲಿಲ್ಲ. “ನನಗ ಸಂಶೆ ಇತ್ತುರಿ ರಾಯರ,” ಎಂದ. “ನಿಮಗ ತ್ರಾಸ ಕೊಡೂದು ನನ್ನ ಮನಸಿನಾಗಿಲ್ಲ. ಹಾಳ್ಯಾಗ ಒಂದು ತೂತು ಅದ ಅಂತ ಕೇಳೀನಿ. ಅಲ್ಲಿ ಗಹಾಣ, ಅಂದ್ರ ಅಡವು, ಅಂತ ಇತ್ತು ಅಂತ ನೀವು ಓದಿದ್ರ ಸಾಕು. ಇಲ್ಲಂದ್ರ ಕಣ್ಣಿಲ್ಲದವರು ಎರಡು ವರ್ಷ ಸರ್ಕಾರಿ ನಕಲಿಗೆ ಸಹಿ ಮಾಡ್ಯಾರ ಅಂತ ನಾ ಸಾಹೇಬರ ಮುಂದ ಹೇಳಬೇಕಾಗ್ತದ. ಎಷ್ಟು ಮಂದಿ ನಕಲು ಸುಳ್ಳಾಗ್ತಾವ, ನೀವು ಎಲ್ಲಿಗಿ ಹೋಗ್ತೀರಿ, ನೀವೇ ವಿಚಾರ ಮಾಡ್ರಿ.”

ಅವನು ಹೋದ ಮೇಲೆ ರಾಯರು ತಂಬಿಗೆಯನ್ನು ತಡವಿ ಹುಡುಕಿ ಹತ್ತಿರ ಎಳೆದುಕೊಂಡರು. ಆಮೇಲೆ ಕರೆದರು, “ಪಾರೂ.”

“ಇಲ್ಲೇ ಇದ್ದೀನಿ ಅಣ್ಣ.”

“ಕೇಳಿದೆಲ್ಲ? ತೂತಿನಾಗ ಏನಿತ್ತೋ ಯಾರು ಬಲ್ಲರು? ಗಹಾಣ ಅಂತ ಬರಿ.”

“ಖ ಉಳದದ ಅಣ್ಣ. ಕಾಯಮ ಅಂತನೂ ಅದ. ಕಾಯಮ ಗಹಾಣ ಅಂತ ಯಾರು ಬರೀತಾರ? ಅಪ್ಪನ ಅಕ್ಷರ ಅದು.”

“ಅಪ್ಪ ಸತ್ತು ಇಪ್ಪತ್ತು ವರ್ಷ ಆತು. ನಾ ಇನ್ನೂ ಬದುಕೀನಿ. ನನ್ನ ಜೇಲಿಗೆ ಕಳಸ್ತಿ?” ಅವರು ನೆಲಕ್ಕೆ ಕೈಯೂರಿ ಮುಂದೆ ಬಾಗಿದರು. “ನಾ ಹೋದರ ಈ ಮನ್ಯಾಗ ನಿನಗ ಯಾರು ಅನ್ನ ಹಾಕ್ತಾರ? ಅದನ್ನರ ವಿಚಾರ ಮಾಡು.”

ಪಾರ್ವತಿಬಾಯಿ ಕಚ್ಚಾ ಪ್ರತಿಯನ್ನು ತಂದು ಬಿಚ್ಚಿಟ್ಟಳು. ಅಣ್ಣ ಹೇಳಿದ್ದು ಅಷ್ಟೂ ನಿಜ. ಸತ್ಯ ಹೇಳಿದರೆ ಅಣ್ಣ ಹೋಗುತ್ತಾನೆ. ಅವನ ಜೊತೆಗೆ ನೂರಾ ಹನ್ನೆರಡು ನಕಲೂ ಹೋಗುತ್ತವೆ. ಒಂದೊಂದನ್ನೂ ತಾನು ಕಣ್ಣಿಗೆ ನೀರು ಬರುವಂತೆ ನೋಡಿ ಓದಿದ್ದು, ಒಂದೊಂದರ ಹಿಂದೆಯೂ ಯಾರದೋ ಹೊಲ. ಸುಮ್ಮನಿದ್ದರೆ ಒಬ್ಬ ಹೆಂಗಸಿನ ಆರು ಬಿಘೆ ಹೋಗುತ್ತದೆ, ಅಷ್ಟೇ. ನೂರಾ ಹನ್ನೆರಡರ ಎದುರು ಒಂದು. ಲೆಕ್ಕ ಹೀಗೆ ನೋಡಿದರೆ ಸುಲಭವಾಗಿ ಕಾಣುತ್ತಿತ್ತು. ಆದರೆ ಆ ಒಂದನ್ನು ಬರೆಯಬೇಕಾದ ಕೈ ತನ್ನದು. ಬೋರು ತೆಗೆದುಕೊಂಡು ಪಕ್ಕಾ ಪ್ರತಿ ಬರೆಯಲು ಕುಳಿತಳು. ಅಣ್ಣ ಒಳಗೆ ಅದರ ಸರಸರ ಸದ್ದನ್ನು ಕೇಳುತ್ತಿದ್ದ. ಅವಳು ಏನು ಬರೆದಳೆಂದು ಅವನಿಗೆ ನೋಡುವ ದಾರಿಯಿರಲಿಲ್ಲ. ಕೇಳಲೂ ಇಲ್ಲ. ಸುಮ್ಮನಿದ್ದಾಳೆಂದರೆ ಒಪ್ಪಿದ್ದಾಳೆಂದು ತಿಳಿದುಕೊಂಡ.

ಶುಕ್ರವಾರ ಕಲ್ಯಾಣಿಯ ದಫ್ತರಖಾನೆಯಲ್ಲಿ ಗಾಳಿಯಾಡುತ್ತಿರಲಿಲ್ಲ. ಕಲ್ಲಿನ ಕೋಣೆ, ಒಂದೇ ಕಿಟಕಿ, ಸುತ್ತ ಮಾಡಿನವರೆಗೆ ಕೆಂಪು ಬಟ್ಟೆಯ ಗಂಟುಗಳು. ನಾಯಬ ತಹಸೀಲ್ದಾರ ಬಸವರಾಜ ಸಾಹೇಬರು ಮೂವತ್ತು ದಾಟದ ಮನುಷ್ಯ. ಆ ಕಚೇರಿಗೆ ಬಂದು ಮೂರು ತಿಂಗಳಾಗಿತ್ತು, ಮೋಡಿ ಒಂದಕ್ಷರ ಬಾರದು. ಮುನ್ಶಿ ಖಮರುದ್ದೀನ್ ಬಿಳಿ ಗಡ್ಡದ ಮುದುಕ. ಜಾಗೀರಿನ ಕಾಲದಿಂದ ಅದೇ ಮೇಜಿನ ಮುಂದೆ ಉರ್ದು, ಫಾರಸಿ ಬರೆದವನು. ಬಾಗಿಲಲ್ಲಿ ಒಂದು ಕಡೆ ಹಾಜಿರಾ ಬೀ, ಇನ್ನೊಂದು ಕಡೆ ತಕರಾರು ಅರ್ಜಿ ಕೊಟ್ಟ ದೇವಿಂದ್ರಪ್ಪಗೌಡ.

ರಾಯರ ಕೈಯಲ್ಲಿ ಮೂಲ ಹಾಳೆಯನ್ನಿಟ್ಟು ಪಾರ್ವತಿಬಾಯಿ ಪಕ್ಕಾ ಪ್ರತಿಯನ್ನು ಓದತೊಡಗಿದಳು. ಒಂದೊಂದು ಸಾಲಿಗೂ ರಾಯರು “ಸರಿ” ಎನ್ನುತ್ತಿದ್ದರು. ಮುನ್ಶಿಯ ಲೇಖನಿ ಬಲದಿಂದ ಎಡಕ್ಕೆ ಓಡುತ್ತಿತ್ತು. ಬಾವಿಹೊಲ, ಸರಿ. ಬಿಘೆ ಆರು, ಸರಿ. ಗೌಡನ ಅಪ್ಪನ ಹೆಸರು, ಸರಿ. ತೂತಿನ ಸಾಲು ಹತ್ತಿರ ಬರುತ್ತಿದ್ದಂತೆ ಅವಳು ತಲೆಯೆತ್ತಿ ನೋಡಿದಳು. ಬಾಗಿಲಿನಲ್ಲಿ ಆ ಕಡೆಗೂ ಈ ಕಡೆಗೂ ಜನ, ಕಿಟಕಿಗೆ ಸರಳು. ಎದ್ದು ಹೋಗಲು ಜಾಗವೇ ಇರಲಿಲ್ಲ.

“ಕಾಯಮ ಖ,” ಎಂದಳು. “ಮುಂದ ಹುಳ ತಿಂದದ.”

ಸರಿ ಎಂಬ ಮಾತು ಬರಲಿಲ್ಲ.

“ಯಾಕ ನಿಂತಿರಿ ರಾಯರ?” ಬಸವರಾಜ ಸಾಹೇಬರು ಕೇಳಿದರು. “ಖ ಅದ ಹೌದಲ್ಲ?”

ರಾಯರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಒಯ್ದರು. “ಇಲ್ಲರಿ ಸಾಹೇಬ್ರ. ಹೆಣ್ಣಮಗಳು, ತಪ್ಪು ಓದ್ಯಾಳ. ಅಲ್ಲಿ ಇರೋದು ಗ. ಗಹಾಣ.”

“ಯಾ ಅಲ್ಲಾ,” ಎಂದು ಹಾಜಿರಾ ಬೀ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಸಾಹೇಬರು ಪಾರ್ವತಿಬಾಯಿಯ ಕಡೆ ತಿರುಗಿದರು. “ತಿದ್ದರಿ ಬಾಯಿಯವರ. ಓದೋ ಅಧಿಕಾರ ಅವರದು. ಕಾಟು ಹಾಕಿ ಬಗಲಿಗೆ ಬರೀರಿ, ಅದರ ಮುಂದ ಅವರು ಸಣ್ಣ ಸಹಿ ಮಾಡ್ತಾರ.”

ಬೋರನ್ನು ಮಸಿಯಲ್ಲಿ ಅದ್ದಿದಳು. ಹಾಳೆಯ ಮೇಲೆ ಇಟ್ಟಳು. ಒಂದು ಗೆರೆ ಎಳೆದರೆ ಆಯಿತು. ಎಲ್ಲರೂ ಮನೆಗೆ ಹೋಗಬಹುದು, ಸಂಜೆಯ ಬಸ್ಸು ಸಿಗುತ್ತದೆ, ನಾಳೆ ಒಲೆ ಹೊತ್ತುತ್ತದೆ. ಅಣ್ಣನ ಮುಖ ನೋಡಿದಳು. ಆ ಮುಖ ಅವಳತ್ತ ತಿರುಗಿತ್ತು, ಅವಳು ಎಲ್ಲಿದ್ದಾಳೆಂದು ಹುಡುಕುವ ಹಾಗೆ. ಎರಡು ವರ್ಷ ತನ್ನ ಪಿಸುಮಾತಿಗೆ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಹೇಳಿದ ಅಣ್ಣ. ಮೊದಲ ಬಾರಿ ಅವನು ತಾನಾಗಿ ಒಂದಕ್ಷರ ಹೇಳಿದ್ದ, ಅದು ಸುಳ್ಳು.

ಬೋರನ್ನು ಮಸಿಕುಡಿಕೆಯಲ್ಲಿ ಇಟ್ಟುಬಿಟ್ಟಳು.

“ಸಾಹೇಬ್ರ, ಅಣ್ಣಗ ಅಕ್ಷರ ಕಾಣಂಗಿಲ್ಲ. ಎರಡು ವರ್ಷ ಆತು. ಓದಾಕಿ ನಾನು.”

ಬಸವರಾಜ ಸಾಹೇಬರು ಮೇಜಿನ ಮೇಲಿದ್ದ ಇನ್ನೊಂದು ಹಾಳೆ ಎತ್ತಿ ರಾಯರ ಮುಂದೆ ಹಿಡಿದರು. ರಾಯರು ಅದನ್ನು ತೆಗೆದುಕೊಳ್ಳಲಿಲ್ಲ. ಕೈಯಲ್ಲಿದ್ದ ಮೂಲವನ್ನು ಮೇಜನ್ನು ತಡವಿ ಜೋಪಾನವಾಗಿ ಇಟ್ಟರು. ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ಆಕಿ ಹೇಳಿದ್ದು ಖರೆ,” ಎಂದರು.

ತನ್ನ ಕೈಯಲ್ಲಿದ್ದ ಬೆದರಿಕೆ ಹೀಗೆ ಬಯಲಾದದ್ದು ದೇವಿಂದ್ರಪ್ಪಗೌಡನನ್ನು ಒಂದು ಕ್ಷಣ ದಿಕ್ಕು ತಪ್ಪಿಸಿತು. ಆಮೇಲೆ ಅವನೇ ದನಿಯೇರಿಸಿದ. “ಅಂದ್ರ ಈ ನಕಲಿಗೆ ಅರ್ಥ ಏನ್ರಿ? ಕುರುಡ ಸಹಿ ಮಾಡ್ತಾನ, ಹೆಂಗಸು ಬಾಯಿಗಿ ಬಂದದ್ದು ಬರೀತಾಳ! ಎಲ್ಲಾ ರದ್ದು ಮಾಡ್ರಿ.”

“ನೀವು ಹೊರಗ ನಿಂದರ್ರಿ ಗೌಡ್ರ,” ಎಂದರು ಸಾಹೇಬರು. ಅವರ ಮುಖ ಸಿಟ್ಟಿನಿಂದ ಬಿಳುಪೇರಿತ್ತು. ಮೂರು ತಿಂಗಳಿಂದ ಆ ನಕಲುಗಳ ಕೆಳಗೆ ಅವರ ಸಹಿಯೂ ಇತ್ತು. ಪಾರ್ವತಿಬಾಯಿಗೆ ಕೇಳಿದರು, “ನಿಮಗ ಬರ್ತದ ಅಂತ ನಾ ಹ್ಯಾಂಗ ನಂಬ್ಲಿ? ಇಲ್ಲಿ ಮತ್ತ್ಯಾರಿಗೂ ಬರಂಗಿಲ್ಲ. ನೀವು ಏನು ಹೇಳಿದ್ರೂ ನಾ ಹೂಂ ಅನ್ನಬೇಕು.”

ಮುನ್ಶಿ ಖಮರುದ್ದೀನ್ ಕನ್ನಡಕ ಒರೆಸಿಕೊಂಡ. “ಹುಜೂರ್, ಒಂದು ದಾರಿ ಅದ. ಈ ಬೀಬಿ ಮುಂದಿನ ವರ್ಷದ ಖಾತೆ ಹಾಳಿಗೂ ಅರ್ಜಿ ಕೊಟ್ಟಾಳ. ಪಟವಾರಿ ಅದನ್ನ ಮೋಡಿಯೊಳಗ ಬರೀತಿದ್ದ. ಅದರ ಗೋಷ್ವಾರಾ, ಅಂದ್ರ ಯಾರ ಖಾತೆ ಎಷ್ಟು ಕಂದಾಯ ಅನ್ನೋ ಪಟ್ಟಿ, ಜಾಗೀರು ಕಚೇರಿಯೊಳಗ ಫಾರಸಿಯ ಶಿಕಸ್ತ ಅನ್ನೋ ಓಡುಬರಹದಾಗ ಬರೀತಿದ್ರು. ಅದು ನನಗ ಬರ್ತದ, ಬಾಯಿಗೆ ಬರಂಗಿಲ್ಲ. ಮೋಡಿ ಆಕಿಗೆ ಬರ್ತದ, ನನಗ ಬರಂಗಿಲ್ಲ. ಎರಡೂ ತೆರೀರಿ.”

ಎರಡು ಗಂಟು ಇಳಿಸಿದರು. ಧೂಳಿಗೆ ಸಾಹೇಬರು ಕೆಮ್ಮಿದರು. ಮುನ್ಶಿ ತನ್ನ ಹಾಳೆಯನ್ನು ಗೋಡೆಯ ಕಡೆ ತಿರುಗಿ ಹಿಡಿದುಕೊಂಡ. ಪಾರ್ವತಿಬಾಯಿ ಈ ಕಡೆ ನಿಂತು ಓದಿದಳು. ಮೊದಲ ಬಾರಿ ಪಿಸುಗುಟ್ಟದೆ, ತನ್ನ ದನಿಯಲ್ಲಿ. ಅದು ಅವಳ ಕಿವಿಗೇ ಯಾರದೋ ದನಿಯ ಹಾಗೆ ಕೇಳಿಸಿತು. ಒಂದೊಂದು ಹೊಲ, ಒಂದೊಂದು ಹೆಸರು, ಒಂದೊಂದು ಕಂದಾಯದ ಮೊತ್ತ. ಮುನ್ಶಿ ತಲೆಯಾಡಿಸುತ್ತ ಬೆರಳು ಇಳಿಸುತ್ತ ಬಂದ. ಎರಡು ಕಡೆ ಮಾತ್ರ ಅವನು ತಡೆದ. ಒಂದು ಕಡೆ ಅವನ ಹಾಳೆಯಲ್ಲೇ ಮಸಿ ಹರಡಿತ್ತು, ಇನ್ನೊಂದು ಕಡೆ ಹೆಸರು ತುಂಡಾಗಿತ್ತು. ಹದಿನೇಳನೆಯ ಸಾಲು ಬಂತು.

“ಬಾವಿಹೊಲ. ಬಿಘೆ ಆರು. ಖಾತೆ, ಗೌಸ ವಲದ ಮೀರಾ.”

“ಗೌಸ ವಲದ ಮೀರಾ, ಮೀರಾನ ಮಗ ಗೌಸ,” ಎಂದ ಮುನ್ಶಿ. “ಬರೋಬರ್.”

ಹಾಜಿರಾ ಬೀ ನೆಲದ ಮೇಲೆ ಕುಳಿತು ಅತ್ತಳು. ತನ್ನ ಮಾವನ ಹೆಸರನ್ನು ಆ ಕೋಣೆಯಲ್ಲಿ ಇಬ್ಬರು ಗಟ್ಟಿಯಾಗಿ ಹೇಳಿದ್ದೇ ಅವಳಿಗೆ ಸಾಕೆನಿಸಿರಬೇಕು. ಆದರೆ ಸಾಕಾಗಲಿಲ್ಲ. ಬಸವರಾಜ ಸಾಹೇಬರು ಮೊಹರನ್ನು ಎತ್ತಿಕೊಂಡು, ಮತ್ತೆ ಪೆಟ್ಟಿಗೆಯೊಳಗೆ ಇಟ್ಟರು. “ಬಾಯಿಯವರ, ನೀವು ಓದಿದ್ದು ಸರಿ ಅದ. ಆದ್ರ ಪಟ್ಟಿಯೊಳಗ ನಿಮ್ಮ ಹೆಸರಿಲ್ಲ. ಹೆಸರು ಇಲ್ಲದವರ ಓದಿನ ಕೆಳಗ ನಾ ಸಹಿ ಮಾಡಿದ್ರ ನಾಳೆ ಗೌಡ್ರ ವಕೀಲ ಅದನ್ನ ಹರದು ಒಗೀತಾನ. ದಫ್ತರಾನ ಹೈದರಾಬಾದಿಗೆ ಕಳಸ್ತೀನಿ. ಅಲ್ಲಿಯ ಮೋಡಿ ಓದುಗರು ನಕಲು ಮಾಡ್ಲಿ.”

“ನನ್ನ ಹೆಸರು ಪಟ್ಟಿಗೆ ಸೇರಸ್ಲಿಕ್ಕೆ ಬರಂಗಿಲ್ಲೇನ್ರಿ?” ಎಂದು ಪಾರ್ವತಿಬಾಯಿ ಕೇಳಿಯೇಬಿಟ್ಟಳು.

ಸಾಹೇಬರು ಪೆಟ್ಟಿಗೆಗೆ ಬೀಗ ಹಾಕಿದರು. “ಮೇಲಿನವರಿಗೆ ಬರದು ಕೇಳ್ತೀನಿ,” ಎಂದರು. ಬರೆದರೋ ಇಲ್ಲವೋ, ಉತ್ತರವಂತೂ ಬರಲಿಲ್ಲ.

ದಿಗಂಬರರಾಯರ ಹೆಸರನ್ನು ಪಟ್ಟಿಯಿಂದ ತೆಗೆದರು. ಜೇಲಿನ ಮಾತು ಮಾತಾಗಿಯೇ ಉಳಿಯಿತು, ಯಾಕೆಂದರೆ ಅದಕ್ಕೆ ಮೊದಲು ನೂರಾ ಹನ್ನೆರಡು ನಕಲಿನಲ್ಲಿ ಒಂದಾದರೂ ತಪ್ಪು ಸಿಗಬೇಕಿತ್ತು. ಸಾಹೇಬರು ಅವನ್ನೆಲ್ಲ ಮತ್ತೆ ತಾಳೆ ನೋಡಲು ಹುಕುಂ ಮಾಡಿದರು. ಪಟ್ಟಿಗೆ ಹೊಸದಾಗಿ ಸೇರಿದವನು ಚಿಟಗುಪ್ಪದ ಒಬ್ಬ ಸಾಲೆ ಮಾಸ್ತರ. ಮೋಡಿ ಅವನಿಗೆ ತಡವರಿಸಿ ತಡವರಿಸಿ ಬರುತ್ತಿತ್ತು. ಅವನು ಒಂದು ಸಾಲು ದಾಟುವಷ್ಟರಲ್ಲಿ ಪಾರ್ವತಿಬಾಯಿ ಹಾಳೆ ಮುಗಿಸಿರುತ್ತಿದ್ದಳು. ಆದ್ದರಿಂದ ಅವಳನ್ನು ಮತ್ತೆ ಕರೆಸಿದರು. ಅವಳು ಓದುತ್ತಾಳೆ, ಮಾಸ್ತರ ಬೆರಳಿಟ್ಟು ಹಿಂಬಾಲಿಸುತ್ತಾನೆ, ಅವನು ಸಹಿ ಮಾಡುತ್ತಾನೆ. ಕೂಲಿ ದಿನದ ಲೆಕ್ಕದಲ್ಲಿ, ರಸೀದಿ ಇಲ್ಲದೆ. ಅವಳ ಹೆಸರು ಎಲ್ಲೂ ಇರಲಿಲ್ಲ.

ಮನೆಯಲ್ಲಿ ಅಣ್ಣ ಅವಳೊಡನೆ ಮಾತು ಬಿಟ್ಟ. ಊಟಕ್ಕೆ ಬಾ ಎಂದರೆ ಬರುತ್ತಿದ್ದ, ಬಟ್ಟಲು ಮುಂದಿಟ್ಟರೆ ಉಣ್ಣುತ್ತಿದ್ದ. ಒಂಟಿಯಾಗಿ ಬಸ್ಸು ಹತ್ತುವುದು ವಿಧವೆಗೆ ಸಲ್ಲದೆಂದು ಓಣಿಯವರು ಅನ್ನುತ್ತಿದ್ದರಿಂದ ಮಂಗಳವಾರ ಶುಕ್ರವಾರ ಅವನೂ ಜೊತೆಗೆ ಬರಲೇಬೇಕಿತ್ತು. ಈಗ ಎಲ್ಲರಿಗೂ ಗೊತ್ತಿದ್ದುದರಿಂದ ಅವಳು ಅವನ ಕೈ ಹಿಡಿದೇ ಇಳಿಸುತ್ತಿದ್ದಳು. ಅವಳು ಒಳಗೆ ಓದುವಾಗ ಅವನು ಪಡಸಾಲೆಯ ಕಂಬಕ್ಕೆ ಒರಗಿ ಸಂಜೆಯವರೆಗೆ ಕುಳಿತಿರುತ್ತಿದ್ದ. ಹಾದುಹೋಗುವವರು ಹಳೆಯ ರೂಢಿಯಿಂದ “ನಮಸ್ಕಾರ್ರಿ ರಾಯರ” ಎಂದು, ಆಮೇಲೆ ನೆನಪಾಗಿ ಬೇಗ ಬೇಗ ಮುಂದೆ ನಡೆಯುತ್ತಿದ್ದರು. ಒಳಗಿನ ಕೋಣೆಯಿಂದ ಅವನು ಅವಳಿಗೆ ಕಾಣುತ್ತಿದ್ದ. ಒಂದೊಂದು ಹಾಳೆ ತಪ್ಪಿಲ್ಲದೆ ಮುಗಿದಾಗಲೂ ಅಣ್ಣ ಜೇಲಿನಿಂದ ಒಂದು ಹೆಜ್ಜೆ ದೂರವಾದ ಎಂದು ಅವಳಿಗೆ ಅನಿಸುತ್ತಿತ್ತು.

ಹೈದರಾಬಾದಿನಿಂದ ನಕಲು ಬಂದದ್ದು ಜ್ಯೇಷ್ಠದಲ್ಲಿ. ಎರಡೂ ಹಾಳೆಯದು. ಬಸವರಾಜ ಸಾಹೇಬರು ಅದನ್ನೂ ಪಾರ್ವತಿಬಾಯಿ ಬರೆದದ್ದನ್ನೂ ಅಕ್ಕಪಕ್ಕ ಇಟ್ಟು ಮಾಸ್ತರನಿಂದ ಓದಿಸಿದರು. “ಕಾಯಮ ಖ”, ಆಮೇಲೆ ಹುಳ ತಿಂದ ಜಾಗ. ಖಾತೆ, ಗೌಸ ವಲದ ಮೀರಾ. ಅಕ್ಷರಕ್ಕೆ ಅಕ್ಷರ ಕೂಡಿತು. ಕೆಳಗೆ ಅರ್ಜಿ ಬಂದ ದಿನ, ನಕಲು ತಯಾರಾದ ದಿನ, ಕೊಟ್ಟ ದಿನ, ಮೂಲದ ಪ್ರಕಾರ ಇದೆ ಎಂಬ ಬರಹ, ದುಂಡು ಮೊಹರು. ಅದರ ಬಲದ ಮೇಲೆ ಖಾತೆ ಹಾಜಿರಾ ಬೀಯ ಹೆಸರಿಗೆ ಆಯಿತು. ಗೌಡ ಬೀದರಿಗೆ ಅಪೀಲು ಹೋದ, ಆದರೆ ಆ ವರ್ಷದ ಬಿತ್ತನೆಗೆ ಬಾವಿಹೊಲದಲ್ಲಿ ಕೂರಿಗೆ ಹೂಡಿದ್ದು ಹಾಜಿರಾ ಬೀಯ ಅಣ್ಣಂದಿರು.

ನಕಲನ್ನು ಎದೆಗೆ ಒತ್ತಿಕೊಂಡು ಅವಳು ಪಡಸಾಲೆಗೆ ಬಂದಳು. ಪಾರ್ವತಿಬಾಯಿಯ ಹತ್ತಿರ ಹೋಗದೆ ನೇರ ಕಂಬದ ಕಡೆ ನಡೆದು ರಾಯರ ಮುಂದೆ ಕುಕ್ಕರಗಾಲಲ್ಲಿ ಕುಳಿತಳು.

“ರಾಯರ, ನಾ ಹಾಜಿರಾ. ನೀವು ಆವತ್ತು ‘ಆಕಿ ಹೇಳಿದ್ದು ಖರೆ’ ಅನ್ನಲಿಲ್ಲಂದ್ರ ಇದು ಆಗತಿದ್ದಿಲ್ಲ.”

ರಾಯರು ತಲೆಯೆತ್ತಲಿಲ್ಲ. “ಅದಕ್ಕ ಮುಂಚಿ ಏನು ಅಂದಿದ್ನಿ, ಅದನ್ನೂ ನೀ ಕೇಳೀದಿ,” ಎಂದರು.

“ಕೇಳೀನಿ,” ಎಂದಳು ಹಾಜಿರಾ ಬೀ. ನಕಲನ್ನು ಸೆರಗಿನೊಳಗೆ ಸೇರಿಸಿಕೊಂಡು ಎದ್ದುಹೋದಳು.

ಸಂಜೆಯ ಬಸ್ಸಿನಲ್ಲಿ ಮಳೆಗಾಲದ ಮೊದಲ ಮೋಡದ ಕಾವು. ಬಸ್ಸು ಅರ್ಧ ದಾರಿ ದಾಟಿದ ಮೇಲೆ, ನಾಲ್ಕು ತಿಂಗಳಿಂದ ಮಾತಾಡದ ಅಣ್ಣ ಮುಖ ತಿರುಗಿಸದೆ ಕೇಳಿದ.

“ಇವತ್ತು ಎಷ್ಟನೇ ನಕಲು ತಾಳೆ ಆತು?”

“ಅರವತ್ತೊಂದು.”

“ತಪ್ಪು?”

“ಒಂದೂ ಇಲ್ಲ.”

ಅವನು ಬೆರಳಲ್ಲಿ ಏನೋ ಎಣಿಸಿದ. “ಇನ್ನ ಐವತ್ತೊಂದು,” ಎಂದು ಸೀಟಿನ ಸರಳನ್ನು ಬಿಗಿಯಾಗಿ ಹಿಡಿದುಕೊಂಡ.